ಒಂದೇ ಒಂದು ಅಂಚು ತಿರುಗಿ ನಿಂತಾಗ: ನಾಲ್ಕರ ಕ್ಯೂಬಿನ ಪ್ಯಾರಿಟಿ

ಒಂದೊಂದು ಸಾಲಿಗೆ ಮೂರು ತುಂಡಿರುವ ರೂಬಿಕ್ಸ್ ಕ್ಯೂಬ್, ಅಂದರೆ ಮೂರರ ಕ್ಯೂಬ್, ಕೈಗೆ ಚೆನ್ನಾಗಿ ಹತ್ತಿದ ಮೇಲೆ ಸಾಲಿಗೆ ನಾಲ್ಕು ತುಂಡಿನ ನಾಲ್ಕರ ಕ್ಯೂಬ್ ತಗೊಂಡಿದ್ದೆ. ಮೊದಲ ಸಲ ಕೊನೆಯ ಲೇಯರ್‌ವರೆಗೂ ಬಂದಾಗ ಖುಷಿಯೋ ಖುಷಿ. ಆದರೆ ಅಲ್ಲಿ ನಾನು ಯಾವತ್ತೂ ನೋಡಿರದ ಒಂದು ಸ್ಥಿತಿ ಕಾದಿತ್ತು. ಎಲ್ಲಾ ಸರಿಯಿದೆ, ಒಂದೇ ಒಂದು ಅಂಚು ಮಾತ್ರ ಉಲ್ಟಾ ಇದೆ. ಮೂರರಲ್ಲಿ ಹೀಗಾದರೆ ಕ್ಯೂಬನ್ನು ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ ಎಂದೇ ಅರ್ಥ. ಹಾಗೇ ಅಂದುಕೊಂಡು ಆ ಅಂಚಿನ ಎರಡು ತುಂಡುಗಳನ್ನು ಕಿತ್ತು, ಅದಲು ಬದಲು ಮಾಡಿ ಕೂರಿಸಿದೆ. ಕ್ಯೂಬ್ ಸರಿಯಾಯಿತು. ಮತ್ತೆ ಕಲಸಿ ಬಿಡಿಸಿದೆ. ಆ ಸಲ ಏನೂ ತೊಂದರೆ ಬರಲಿಲ್ಲ. ಅದರ ಮುಂದಿನ ಸಲ ಮತ್ತೆ ಅದೇ ಉಲ್ಟಾ ಅಂಚು.

ನನ್ನ ಕ್ಯೂಬಿನಲ್ಲಿ ದೋಷ ಇರಲಿಲ್ಲ. ನಾನು ತಪ್ಪು ಸುತ್ತನ್ನೂ ಹಾಕಿರಲಿಲ್ಲ. ಮೂರರ ಕ್ಯೂಬಿನಲ್ಲಿ ಇರುವ ಒಂದು ಕಟ್ಟುಪಾಡು ನಾಲ್ಕರಲ್ಲಿ ಇಲ್ಲವೇ ಇಲ್ಲ, ಅಷ್ಟೆ. ಅದು ಯಾಕಿಲ್ಲ ಅನ್ನೋದು ಒಮ್ಮೆ ಅರ್ಥವಾದರೆ ಪ್ಯಾರಿಟಿ ಅಂದರೇನು ಅನ್ನೋದು ಪೂರ್ತಿ ಅರ್ಥವಾದ ಹಾಗೆ.

ಮೊದಲು ಮೂರರ ಕ್ಯೂಬಿನ ಕಟ್ಟುಪಾಡುಗಳನ್ನು ನೋಡೋಣ. ಮೂರರ ಕ್ಯೂಬನ್ನು ಬಿಚ್ಚಿ, ತುಂಡುಗಳನ್ನು ಮನಸ್ಸಿಗೆ ಬಂದ ಹಾಗೆ ಜೋಡಿಸಿದರೆ ಅದು ಬಿಡಿಸಲು ಬರುವ ಸಾಧ್ಯತೆ 12ರಲ್ಲಿ 1 ಮಾತ್ರ. ಈ 12 ಬರುವುದು ಮೂರು ಕಟ್ಟುಪಾಡುಗಳಿಂದ. ಮೂಲೆಗಳ ತಿರುವು ಒಟ್ಟಾರೆ ಲೆಕ್ಕಕ್ಕೆ ಕೂಡಬೇಕು, ಅದರಿಂದ 3. ಉಲ್ಟಾ ಇರುವ ಅಂಚುಗಳ ಸಂಖ್ಯೆ ಸಮ ಆಗಿರಬೇಕು, ಅದರಿಂದ 2. ಮೂಲೆಗಳ ಅದಲು ಬದಲು ಮತ್ತು ಅಂಚುಗಳ ಅದಲು ಬದಲು, ಎರಡೂ ಒಟ್ಟಿಗೆ ಬೆಸ ಆಗಿರಬೇಕು, ಇಲ್ಲವೇ ಒಟ್ಟಿಗೆ ಸಮ ಆಗಿರಬೇಕು. ಅದರಿಂದ ಇನ್ನೊಂದು 2. ಮೂರನ್ನೂ ಗುಣಿಸಿದರೆ 12.

ನಾಲ್ಕರ ಕ್ಯೂಬಿಗೆ ಹೋದಾಗ ಇವುಗಳಲ್ಲಿ ಮೊದಲನೆಯದು ಹಾಗೇ ಉಳಿಯುತ್ತದೆ. ಉಳಿದ ಎರಡು ಬಿದ್ದುಹೋಗುತ್ತವೆ. ಹಾಗೆ ಬಿದ್ದುಹೋದ ಎರಡು ಕಟ್ಟುಪಾಡುಗಳೇ ನಮಗೆ ಎರಡು ಪ್ಯಾರಿಟಿಗಳಾಗಿ ಕಾಣಿಸುವುದು.

ಬೆಸ, ಸಮ ಅಂತ ಹೇಳಿದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅ, ಆ, ಇ, ಈ ಎಂಬ ನಾಲ್ಕು ತುಂಡುಗಳು ಸಾಲಾಗಿವೆ ಅಂದುಕೊಳ್ಳಿ. ಒಂದು ಮುಖವನ್ನು ಕಾಲು ಸುತ್ತು ತಿರುಗಿಸಿದಾಗ ಆಗುವ ಹಾಗೆ ಒಂದೊಂದೂ ಪಕ್ಕದ ಜಾಗಕ್ಕೆ ಸರಿಯಿತು, ಕೊನೆಯದು ಮೊದಲಿಗೆ ಬಂತು. ಈಗ ಸಾಲು ಈ, ಅ, ಆ, ಇ. ಇದನ್ನು ಎರಡೆರಡೇ ತುಂಡು ಅದಲು ಬದಲು ಮಾಡಿ ಸರಿಮಾಡಬೇಕು. ಈ ಮತ್ತು ಅ ಬದಲಿಸಿ: ಅ, ಈ, ಆ, ಇ. ಈ ಮತ್ತು ಆ ಬದಲಿಸಿ: ಅ, ಆ, ಈ, ಇ. ಈ ಮತ್ತು ಇ ಬದಲಿಸಿ: ಅ, ಆ, ಇ, ಈ. ಮೂರು ಬದಲಾವಣೆ. ಬೇರೆ ದಾರಿ ಹಿಡಿದರೆ ಐದು ಆಗಬಹುದು, ಏಳು ಆಗಬಹುದು, ಆದರೆ ಎರಡೋ ನಾಲ್ಕೋ ಯಾವತ್ತೂ ಆಗುವುದಿಲ್ಲ. ಬೇಕಿದ್ದರೆ ನಾಲ್ಕು ಚೀಟಿ ಇಟ್ಟುಕೊಂಡು ಮಾಡಿ ನೋಡಿ. ನಾಲ್ಕು ತುಂಡುಗಳ ಒಂದು ಸುತ್ತು ಅಂದರೆ ಬೆಸ. ಮುಂದಿನದಕ್ಕೆಲ್ಲ ಇದೊಂದೇ ಸಾಕು.

ಮೂರರ ಕ್ಯೂಬಿನಲ್ಲಿ ಯಾವ ಮುಖವನ್ನಾದರೂ ಕಾಲು ಸುತ್ತು ತಿರುಗಿಸಿ. ನಾಲ್ಕು ಮೂಲೆಗಳು ಒಂದು ಸುತ್ತು ಹೋಗುತ್ತವೆ, ಬೆಸ. ನಾಲ್ಕು ಅಂಚುಗಳೂ ಒಂದು ಸುತ್ತು ಹೋಗುತ್ತವೆ, ಅದೂ ಬೆಸ. ಹಾಗಾಗಿ ಪ್ರತಿ ಸಲವೂ ಎರಡೂ ಒಟ್ಟಿಗೇ ಬದಲಾಗುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಹೋಗುವುದಿಲ್ಲ. ಮೂಲೆಗಳೆಲ್ಲ ಸರಿಯಿದ್ದು ಎರಡೇ ಅಂಚುಗಳು ಅದಲು ಬದಲಾಗಿವೆ ಅನ್ನುವುದು ಅದಕ್ಕೇ ಅಲ್ಲಿ ಸಾಧ್ಯವಿಲ್ಲ. ಉಲ್ಟಾ ಅಂಚಿನ ಕಥೆಯೂ ಹೀಗೆಯೇ. ಸಾಮಾನ್ಯ ಲೆಕ್ಕದಲ್ಲಿ ಮುಂದಿನ ಮತ್ತು ಹಿಂದಿನ ಮುಖದ ಕಾಲು ಸುತ್ತು ನಾಲ್ಕು ಅಂಚುಗಳನ್ನು ಉಲ್ಟಾ ಮಾಡುತ್ತದೆ, ಉಳಿದ ಮುಖಗಳು ಒಂದನ್ನೂ ಮಾಡುವುದಿಲ್ಲ. ನಾಲ್ಕು ಸಮ, ಸೊನ್ನೆಯೂ ಸಮ. ಒಂದೇ ಅಂಚು ಉಲ್ಟಾ ಆಗಲು ದಾರಿಯೇ ಇಲ್ಲ.

ಈಗ ನಾಲ್ಕರ ಕ್ಯೂಬ್ ಕೈಗೆ ತಗೊಳ್ಳಿ. ಇದರಲ್ಲಿ 8 ಮೂಲೆಗಳು, 24 ಅಂಚಿನ ತುಂಡುಗಳು, 24 ಸೆಂಟರ್ ತುಂಡುಗಳಿವೆ. ಒಂದೊಂದು ಅಂಚಿನಲ್ಲೂ ಪಕ್ಕಪಕ್ಕ ಎರಡು ತುಂಡು. ಕ್ಯೂಬ್ ಆಡುವವರು ಈ ತುಂಡನ್ನು ವಿಂಗ್ ಅನ್ನುತ್ತಾರೆ. ಹೆಚ್ಚಿನವರು ಬಿಡಿಸುವ ಕ್ರಮ ಹೀಗಿದೆ: ಮೊದಲು ಸೆಂಟರ್‌ಗಳನ್ನು ಬಣ್ಣಕ್ಕೆ ತಕ್ಕಂತೆ ಕಟ್ಟುವುದು, ಆಮೇಲೆ ಒಂದೇ ಬಣ್ಣದ ಎರಡೆರಡು ವಿಂಗ್‌ಗಳನ್ನು ಜೋಡಿ ಮಾಡುವುದು, ಆಮೇಲೆ ಆ ಜೋಡಿಯನ್ನೇ ಒಂದು ಅಂಚು ಅಂದುಕೊಂಡು ಮೂರರ ಕ್ಯೂಬಿನ ಹಾಗೆ ಮುಗಿಸುವುದು. ಈ "ಅಂದುಕೊಂಡು" ಅನ್ನುವ ಕಡೆಯೇ ವಿಷಯ ಅಡಗಿದೆ. ನಾವು ಮೂರರ ಕ್ಯೂಬ್ ಅಂದುಕೊಳ್ಳುತ್ತೇವೆ, ಆದರೆ ಒಳಗಿರುವ ತುಂಡುಗಳಿಗೆ ಮೂರರ ಕಟ್ಟುಪಾಡು ಗೊತ್ತಿಲ್ಲ.

ವಿಂಗ್ ತುಂಡಿನ ಒಂದು ಗುಣವನ್ನು ಕೈಯಲ್ಲೇ ನೋಡಿಬಿಡಿ. ಬಿಡಿಸಿದ ಕ್ಯೂಬನ್ನು ಬಿಳಿ ಮೇಲೆ, ಹಸಿರು ಮುಂದೆ ಬರುವಂತೆ ಹಿಡಿಯಿರಿ. ಮುಂದಿನ ಮೇಲಂಚಿನಲ್ಲಿ ಬಿಳಿ-ಹಸಿರು ಜೋಡಿ ಇದೆ. ಅದರಲ್ಲಿ ಎಡಗಡೆಯ ವಿಂಗ್ ಮೇಲೆ ಕಣ್ಣಿಡಿ. ಈಗ ಎರಡು ಸುತ್ತು ಹಾಕಿ:

```
U2 2R'
```

`U` ಮೇಲಿನ ಮುಖ, `R` ಬಲ, `L` ಎಡ, `F` ಮುಂದಿನದು, `B` ಹಿಂದಿನದು. ಅಕ್ಷರದ ನಂತರ 2 ಇದ್ದರೆ ಅರ್ಧ ಸುತ್ತು, `'` ಇದ್ದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು. ಇಲ್ಲಿ `2R` ಅಂದರೆ ಬಲಗಡೆಯಿಂದ ಎರಡನೆಯ ಲೇಯರ್ ಮಾತ್ರ, ಹೊರಗಿನದು ತಿರುಗಬಾರದು. `U2` ಹಾಕಿದಾಗ ನಮ್ಮ ವಿಂಗ್ ಹಿಂದಿನ ಅಂಚಿನ ಬಲ ಜಾಗಕ್ಕೆ ಹೋಗುತ್ತದೆ, ಬಿಳಿ ಮೇಲೇ ಇರುತ್ತದೆ. `2R'` ಹಾಕಿದಾಗ ಅದು ಮತ್ತೆ ಮುಂದಿನ ಅಂಚಿಗೆ ಬರುತ್ತದೆ, ಆದರೆ ಈ ಸಲ ಬಲ ಜಾಗಕ್ಕೆ. ಈಗ ಬಣ್ಣ ನೋಡಿ. ಬಿಳಿ ಮುಂದೆ, ಹಸಿರು ಮೇಲೆ. ಯಾವ ಸುತ್ತುಗಳನ್ನು ಹಾಕಿ ಕರೆತಂದರೂ ಹೀಗೇ ಆಗುತ್ತದೆ. ಎಡ ಜಾಗದಲ್ಲಿ ಆ ತುಂಡು ಒಂದೇ ರೀತಿ ಕೂರಬಲ್ಲದು, ಬಲ ಜಾಗದಲ್ಲಿ ಅದರ ಉಲ್ಟಾ ರೀತಿ ಮಾತ್ರ. ಅಂದರೆ ವಿಂಗ್ ತಾನು ಇದ್ದ ಜಾಗದಲ್ಲೇ ಉಲ್ಟಾ ಆಗುವುದಿಲ್ಲ. ಅದು ಎಲ್ಲಿ ಕೂತಿದೆ ಅನ್ನುವುದೇ ಅದು ಹೇಗೆ ಕೂತಿದೆ ಅನ್ನುವುದನ್ನೂ ನಿರ್ಧರಿಸುತ್ತದೆ.

ನನಗೆ ಇದು ತಿಳಿದ ದಿನ ಪ್ಯಾರಿಟಿಯ ಗಂಟು ಬಿಚ್ಚಿಕೊಂಡಿತು. ಉಲ್ಟಾ ಅಂಚು ಅಂತ ನಾವು ಕರೆಯುವುದು ನಿಜವಾಗಿ ಉಲ್ಟಾ ಆದ ಯಾವ ತುಂಡೂ ಅಲ್ಲ. ಪಕ್ಕಪಕ್ಕದ ಎರಡು ವಿಂಗ್‌ಗಳು ಜಾಗ ಬದಲಿಸಿಕೊಂಡಿವೆ, ಅಷ್ಟೆ. ಒಂದು ಅದಲು ಬದಲು. ಒಂದು ಅಂದರೆ ಬೆಸ.

ಹಾಗಾದರೆ ವಿಂಗ್‌ಗಳಲ್ಲಿ ಈ ಬೆಸ ಎಲ್ಲಿಂದ ಬರುತ್ತದೆ? ಹೊರಗಿನ ಮುಖವನ್ನು ಕಾಲು ಸುತ್ತು ತಿರುಗಿಸಿದರೆ ಎಂಟು ವಿಂಗ್‌ಗಳು ಚಲಿಸುತ್ತವೆ. ಆದರೆ ಅವು ನಾಲ್ಕು ನಾಲ್ಕರ ಎರಡು ಸುತ್ತುಗಳಾಗಿ ಹೋಗುತ್ತವೆ. ಬೆಸಕ್ಕೆ ಬೆಸ ಸೇರಿ ಸಮ. ಒಳಗಿನ ಲೇಯರ್ ಅನ್ನು, ಅಂದರೆ ಸ್ಲೈಸ್ ಅನ್ನು, ಕಾಲು ಸುತ್ತು ತಿರುಗಿಸಿದರೆ ನಾಲ್ಕೇ ವಿಂಗ್‌ಗಳು ಚಲಿಸುತ್ತವೆ. ಒಂದೇ ಸುತ್ತು, ಬೆಸ. ಅಲ್ಲಿಗೆ ಲೆಕ್ಕ ಮುಗಿಯಿತು. ನೀವು ಇದುವರೆಗೆ ಒಳಗಿನ ಲೇಯರ್‌ಗಳನ್ನು ಒಟ್ಟು ಎಷ್ಟು ಕಾಲು ಸುತ್ತು ತಿರುಗಿಸಿದ್ದೀರಿ ಅನ್ನುವುದು ಬೆಸವಾದರೆ ವಿಂಗ್‌ಗಳು ಬೆಸ, ಸಮವಾದರೆ ಸಮ. ಹೊರಗಿನ ಮುಖಗಳಿಗೆ ಇದರಲ್ಲಿ ಮಾತೇ ಇಲ್ಲ. ಎರಡು ಲೇಯರ್ ಒಟ್ಟಿಗೆ ತಿರುಗಿಸುವ `Rw` ಅನ್ನೂ ಒಂದು ಒಳಸುತ್ತು ಅಂತಲೇ ಎಣಿಸಬೇಕು.

ಕಲಸುವಾಗ ಆದ ಒಳಸುತ್ತುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಅವು ಎಷ್ಟು ಅಂತ ನಾವು ಎಣಿಸುವುದಿಲ್ಲ. ಆಮೇಲೆ ಸೆಂಟರ್ ಕಟ್ಟುವಾಗಲೂ ಒಳಸುತ್ತುಗಳಿರುತ್ತವೆ, ಅವನ್ನೂ ಎಣಿಸುವುದಿಲ್ಲ. ಹಾಗಾಗಿ ಬೆಸವೋ ಸಮವೋ ಅನ್ನುವುದು ಅರ್ಧಕ್ಕರ್ಧ. ಮುಂದೆ ಅಂಚು ಜೋಡಿಸುವಾಗ ನಾವು ಸಾಮಾನ್ಯವಾಗಿ ಒಂದು ಸ್ಲೈಸ್ ತಿರುಗಿಸಿ, ತುಂಡು ಬದಲಿಸಿ, ಅದೇ ಸ್ಲೈಸ್ ಅನ್ನು ವಾಪಸ್ ತರುತ್ತೇವೆ. ಹೋಗಿದ್ದೊಂದು, ಬಂದಿದ್ದೊಂದು, ಒಟ್ಟು ಸಮ. ಅಂದರೆ ಈ ರೀತಿ ಜೋಡಿಸುವವರಿಗೆ ಉಲ್ಟಾ ಅಂಚು ಬರುತ್ತದೋ ಇಲ್ಲವೋ ಅನ್ನುವುದು ಸೆಂಟರ್ ಕಟ್ಟಿ ಮುಗಿಸಿದಾಗಲೇ ತೀರ್ಮಾನವಾಗಿರುತ್ತದೆ. ಕಣ್ಣಿಗೆ ಬೀಳುವುದು ಮಾತ್ರ ಕೊನೆಯ ಲೇಯರ್‌ನಲ್ಲಿ. ಅದಕ್ಕೇ "ಕೊನೇಲಿ ಏನೋ ತಪ್ಪು ಮಾಡಿದೆ" ಅನ್ನಿಸುವುದು.

ಒಂದು ಚಿಕ್ಕ ಉದಾಹರಣೆಯಲ್ಲಿ ಇದನ್ನು ಹಿಡಿಯಬಹುದು. ಬಿಡಿಸಿದ ಕ್ಯೂಬಿನಲ್ಲಿ ಒಂದೇ ಒಂದು `2R` ಹಾಕಿ. ನಾಲ್ಕು ವಿಂಗ್‌ಗಳು ಒಂದು ಸುತ್ತು ಸರಿದವು, ನಾಲ್ಕು ಅಂಚುಗಳ ಜೋಡಿ ಒಡೆಯಿತು. ಇದು ಹೇಗಾಯಿತು ಅಂತ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಅವರು ಸೆಂಟರ್ ಸರಿಮಾಡಿ, ತಮ್ಮ ರೂಢಿಯಂತೆ ಅಂಚು ಜೋಡಿಸಲು ಹೊರಡಬಹುದು. ಸೆಂಟರ್ ಸರಿಮಾಡುವಾಗ ಅವರು ಸಮ ಸಂಖ್ಯೆಯ ಒಳಸುತ್ತು ಬಳಸಿದರು ಅಂದುಕೊಳ್ಳಿ. ಸರಿಯಾಗಲು ವಿಂಗ್‌ಗಳಿಗೆ ಬೇಕಾಗಿರುವುದು ಬೆಸ ಬದಲಾವಣೆ, ಅವರ ಜೋಡಿಸುವ ಕ್ರಮ ಕೊಡುವುದು ಸಮ ಬದಲಾವಣೆ. ಎಷ್ಟೇ ಜೋಡಿಸಿದರೂ ಒಂದು ಬದಲಾವಣೆ ಬಾಕಿ ಉಳಿಯುತ್ತದೆ. ಬಣ್ಣ ಒಂದೇ ಆದ್ದರಿಂದ ಜೋಡಿಗಳೆಲ್ಲ ಕೂಡಿಕೊಂಡಂತೆಯೇ ಕಾಣುತ್ತವೆ, ಬಾಕಿ ಉಳಿದ ಆ ಒಂದು ಬದಲಾವಣೆ ಉಲ್ಟಾ ಅಂಚಾಗಿ ಕೊನೆಗೆ ಎದ್ದು ಬರುತ್ತದೆ.

ಇದಕ್ಕೆ ಓಎಲ್ಎಲ್ ಪ್ಯಾರಿಟಿ ಅಂತ ಹೆಸರು. ಕೊನೆಯ ಲೇಯರ್‌ನ ಬಣ್ಣವನ್ನೆಲ್ಲ ಮೇಲಕ್ಕೆ ತರುವ ಹಂತದಲ್ಲಿ ಕಾಣಿಸುತ್ತದೆ ಅಂತ ಆ ಹೆಸರು. ಗುರುತಿಸುವುದು ಸುಲಭ. ಹಳದಿ ಮೇಲಿದೆ ಅಂದುಕೊಳ್ಳಿ. ಕೆಳಗಿನದೆಲ್ಲ ಮುಗಿದ ಮೇಲೆ, ಮೇಲಿನ ನಾಲ್ಕು ಜೋಡಿ ಅಂಚುಗಳಲ್ಲಿ ಎಷ್ಟು ಹಳದಿ ಮೇಲೆ ಮುಖ ಮಾಡಿವೆ ಎಣಿಸಿ. 0, 2, 4 ಆದರೆ ಮಾಮೂಲಿ. 1 ಅಥವಾ 3 ಆದರೆ ಪ್ಯಾರಿಟಿ.

ಸರಿಪಡಿಸಲು ಏನು ಬೇಕು ಅನ್ನುವುದು ಈಗ ಗೊತ್ತಿದೆ: ಬೆಸ ಸಂಖ್ಯೆಯ ಒಳಸುತ್ತುಗಳು. ಒಂದೇ ಒಂದು ಒಳಸುತ್ತು ಹಾಕಿದರೂ ಬೆಸ ಸಮವಾಗುತ್ತದೆ, ಆದರೆ ಸೆಂಟರ್, ಅಂಚು ಎಲ್ಲಾ ಕೆಡುತ್ತದೆ, ಮತ್ತೆ ಕಟ್ಟಬೇಕು. ಮತ್ತೆ ಕಟ್ಟುವ ಆ ಕೆಲಸವನ್ನೆಲ್ಲ ಒಳಗೆ ಸೇರಿಸಿಕೊಂಡಿರುವುದೇ ಈ ಉದ್ದದ ಅಲ್ಗಾರಿದಮ್:

```
2R2 B2 U2 2L U2 2R' U2 2R
U2 F2 2R F2 2L' B2 2R2
```

ಉಲ್ಟಾ ಅಂಚನ್ನು ಮುಂದಿನ ಮೇಲಂಚಿನಲ್ಲಿ ಹಿಡಿದು ಇದನ್ನು ಮಾಡಬೇಕು. ಹದಿನೈದು ಚಲನೆ. ನೋಡಿದರೆ ಗಾಬರಿಯಾಗುತ್ತದೆ ನಿಜ, ಆದರೆ ಅದರ ಲೆಕ್ಕ ಹಾಕಿ ನೋಡಿ. ಹೊರಗಿನ ಮುಖಗಳೆಲ್ಲ ಅರ್ಧ ಸುತ್ತೇ ತಿರುಗುತ್ತವೆ, `U2` ನಾಲ್ಕು ಸಲ, `F2` ಎರಡು ಸಲ, `B2` ಎರಡು ಸಲ. ಸ್ಲೈಸ್‌ಗಳು ಮೂಲೆಗಳನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಮೂಲೆಗಳ ಮಟ್ಟಿಗೆ ಈ ಅರ್ಧ ಸುತ್ತುಗಳು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ, ಮೂಲೆಗಳು ಇದ್ದಲ್ಲೇ ಉಳಿಯುತ್ತವೆ. ಒಳಸುತ್ತುಗಳನ್ನು ಎಣಿಸಿ: ಮೊದಲ `2R2` ಎರಡು, ನಡುವಿನ ಐದು ಒಂದೊಂದು, ಕೊನೆಯ `2R2` ಎರಡು. ಒಟ್ಟು ಒಂಬತ್ತು, ಬೆಸ. ಇದು ಬೆಸವಲ್ಲದೆ ಬೇರೆ ಆಗಿದ್ದರೆ ಈ ಅಲ್ಗಾರಿದಮ್ ಕೆಲಸವೇ ಮಾಡುತ್ತಿರಲಿಲ್ಲ. ಉಲ್ಟಾ ಅಂಚಿಗೆ ಯಾರಾದರೂ ಹೊಸ ಅಲ್ಗಾರಿದಮ್ ಹೇಳಿಕೊಟ್ಟರೆ ನಾನು ಮೊದಲು ಮಾಡುವುದು ಈ ಎಣಿಕೆಯನ್ನೇ. ಸಮ ಬಂದರೆ ಎಲ್ಲೋ ಬರೆಯುವಾಗ ತಪ್ಪಾಗಿದೆ ಅಂತ ಅರ್ಥ.

ನಡುವೆ ದಾರಿ ತಪ್ಪಿದರೂ ಹೆದರಬೇಕಾಗಿಲ್ಲ. ಸೆಂಟರ್, ಅಂಚು ಕೆಟ್ಟಿರುತ್ತವೆ, ಮತ್ತೆ ಕಟ್ಟಿ. ನಿಲ್ಲಿಸಿದ ಕಡೆಯಿಂದ ಮತ್ತೆ ಜೋಡಿಯಾಗುವವರೆಗೆ ಆದ ಒಳಸುತ್ತುಗಳೂ ಸೇರಿ ಒಟ್ಟು ಬೆಸವಾಗಿದ್ದರೆ ಪ್ಯಾರಿಟಿ ತಾನಾಗಿಯೇ ಹೋಗಿರುತ್ತದೆ.

ಇನ್ನು ಎರಡನೆಯದು, ಕೊನೆಯ ಲೇಯರ್‌ನ ತುಂಡುಗಳನ್ನು ತಮ್ಮ ಜಾಗಕ್ಕೆ ತರುವ ಹಂತದಲ್ಲಿ ಕಾಣಿಸುವ ಪಿಎಲ್ಎಲ್ ಪ್ಯಾರಿಟಿ. ಇದರ ಕಾರಣ ಬೇರೆ, ನನಗಂತೂ ಇದೇ ಹೆಚ್ಚು ಚೆಂದ. ಎಲ್ಲ ಬಣ್ಣ ಮೇಲೆ ಬಂದಿದೆ, ಮೂಲೆಗಳೂ ಸರಿಯಿವೆ, ಆದರೆ ಎರಡು ಜೋಡಿ ಅಂಚುಗಳು ಜಾಗ ಬದಲಿಸಿಕೊಂಡಿವೆ. ಮೂರರಲ್ಲಿ ಇದು ಒಂದು ಅದಲು ಬದಲು, ಬೆಸ, ಮೂಲೆಗಳು ಸಮ ಇರುವಾಗ ಆಗಬಾರದ್ದು. ನಾಲ್ಕರಲ್ಲಿ? ಜೋಡಿ ಅಂಚು ಅಂದರೆ ಎರಡು ವಿಂಗ್. ಎರಡು ಜೋಡಿ ಜಾಗ ಬದಲಿಸಿದರೆ ವಿಂಗ್‌ಗಳ ಲೆಕ್ಕದಲ್ಲಿ ಎರಡು ಅದಲು ಬದಲು. ಅದು ಸಮ! ನಾವು ಕಣ್ಣಲ್ಲಿ ಬೆಸ ಅಂತ ನೋಡುವುದು ತುಂಡುಗಳಿಗೆ ಸಮವಾಗಿಯೇ ಇದೆ. ಯಾವ ಕಟ್ಟುಪಾಡನ್ನೂ ಅದು ಮೀರಿಲ್ಲ.

ಎರಡು ಮೂಲೆಗಳು ಮಾತ್ರ ಬದಲಾಗಿ ನಿಂತರೂ ಇದೇ ಪ್ಯಾರಿಟಿ, ವೇಷ ಬೇರೆ. ಮೂಲೆಗಳು ಬೆಸ ಆದಾಗ ನಾಲ್ಕರಲ್ಲಿ ಅವುಗಳ ಜೊತೆ ಬೆಸ ಆಗುವುದು ಅಂಚುಗಳಲ್ಲ, ಸೆಂಟರ್‌ಗಳು. ಹೊರಮುಖದ ಒಂದು ಕಾಲು ಸುತ್ತಿಗೆ ನಾಲ್ಕು ಮೂಲೆಗಳೂ ಆ ಮುಖದ ನಾಲ್ಕು ಸೆಂಟರ್ ತುಂಡುಗಳೂ ಒಂದೊಂದು ಸುತ್ತು ಹೋಗುತ್ತವೆ. ಆದರೆ ಒಂದು ಮುಖದ ನಾಲ್ಕು ಸೆಂಟರ್‌ಗಳೂ ಒಂದೇ ಬಣ್ಣ, ಅವುಗಳಲ್ಲಿ ಯಾವುದು ಎಲ್ಲಿದೆ ಅಂತ ನಮಗೆ ಕಾಣುವುದಿಲ್ಲ. ಬೆಸದ ಇನ್ನೊಂದು ಅರ್ಧ ಅಲ್ಲಿ ಅಡಗಿ ಕೂತಿರುತ್ತದೆ. ಸೆಂಟರ್‌ಗಳ ಮೇಲೆ ಚಿತ್ರ ಅಂಟಿಸಿದ ಕ್ಯೂಬಿನಲ್ಲಿ ಚಿತ್ರವೂ ಪೂರ್ತಿ ಸರಿಯಿದ್ದು ಎರಡೇ ಮೂಲೆ ಬದಲಾಗಿರಲು ಸಾಧ್ಯವಿಲ್ಲ.

ಇದಕ್ಕೆ ಪರಿಹಾರ ಚಿಕ್ಕದು:

```
2R2 U2 2R2 Uw2 2R2 Uw2
```

ಜಾಗ ಬದಲಿಸಿಕೊಂಡ ಎರಡು ಅಂಚುಗಳನ್ನು ಮುಂದೆ ಮತ್ತು ಹಿಂದೆ ಬರುವಂತೆ ಹಿಡಿದು ಮಾಡಿ. `Uw2` ಅಂದರೆ ಮೇಲಿನ ಎರಡು ಲೇಯರ್ ಒಟ್ಟಿಗೆ ಅರ್ಧ ಸುತ್ತು. ಮುಗಿದಾಗ ಮೇಲಿನ ಲೇಯರ್ ಅರ್ಧ ಸುತ್ತು ಆಚೆಗೆ ನಿಂತಿರುತ್ತದೆ, ಕೊನೆಯಲ್ಲಿ ಒಂದು `U2` ಹಾಕಿದರೆ ಎಲ್ಲ ಕೂಡಿಕೊಳ್ಳುತ್ತದೆ. ಇಲ್ಲಿ ಎಲ್ಲವೂ ಅರ್ಧ ಸುತ್ತೇ, ಒಳಸುತ್ತುಗಳ ಲೆಕ್ಕ ಹತ್ತು, ಸಮ. ಮೊದಲನೆಯ ಪ್ಯಾರಿಟಿಗೆ ಬೇಕಾದ ಬೆಸ ಇಲ್ಲಿ ಬೇಕಿಲ್ಲ. ಬದಲಾದ ಅಂಚುಗಳು ಎದುರುಬದುರು ಇರದೆ ಅಕ್ಕಪಕ್ಕ ಇದ್ದರೆ, ಅಥವಾ ಮೂಲೆಗಳು ಬದಲಾಗಿದ್ದರೆ, ಇದನ್ನೇ ಮಾಡಿ. ಆಮೇಲೆ ಉಳಿಯುವುದು ಮೂರರ ಕ್ಯೂಬಿನ ಮಾಮೂಲಿ ಸ್ಥಿತಿ. ಇಲ್ಲಿ ಜಾಸ್ತಿ ಆಗುವ ತಪ್ಪು ಒಂದೇ: `2R2` ಬದಲು ಹೊರಗಿನ ಲೇಯರನ್ನೂ ಸೇರಿಸಿ ತಿರುಗಿಸಿಬಿಡುವುದು. ಮೂಲೆಗಳು ಚೆಲ್ಲಾಪಿಲ್ಲಿಯಾದರೆ ಅಲ್ಲೇ ಎಡವಿದ್ದೀರಿ.

ಎರಡು ಪ್ಯಾರಿಟಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಂದೊಂದೂ ಅರ್ಧಕ್ಕರ್ಧ. ಹಾಗಾಗಿ ನಾಲ್ಕು ಸಲದಲ್ಲಿ ಸುಮಾರು ಒಂದು ಸಲ ಎರಡೂ ಬರುತ್ತವೆ, ಒಂದು ಸಲ ಎರಡೂ ಬರುವುದಿಲ್ಲ. ನಾನು ತುಂಡು ಕಿತ್ತು ಕೂರಿಸಿದ ಮುಂದಿನ ಸಲ ಏನೂ ತೊಂದರೆ ಬರದೇ ಇದ್ದದ್ದಕ್ಕೂ ಕಿತ್ತದ್ದಕ್ಕೂ ಸಂಬಂಧವೇ ಇರಲಿಲ್ಲ.

ಐದರ ಕ್ಯೂಬಿಗೆ ಹೋದರೆ ಇವೆರಡರಲ್ಲಿ ಒಂದೇ ಉಳಿಯುತ್ತದೆ. ಅಲ್ಲಿ ಪ್ರತಿ ಅಂಚಿನ ನಡುವೆ ಮೂರರ ಕ್ಯೂಬಿನಂಥದ್ದೇ ಒಂದು ತುಂಡು ಇದೆ, ಅದೂ ಮೂಲೆಗಳೂ ಸೇರಿ ಮೂರರ ಕಟ್ಟುಪಾಡನ್ನೇ ಪಾಲಿಸುತ್ತವೆ, ಆದ್ದರಿಂದ ಎರಡು ಅಂಚು ಮಾತ್ರ ಬದಲಾಗಿ ನಿಲ್ಲುವುದಿಲ್ಲ. ಆದರೆ ಅದರ ಅಕ್ಕಪಕ್ಕದ ವಿಂಗ್‌ಗಳು ನಾಲ್ಕರ ಹಾಗೆಯೇ ಬೆಸ ಆಗಬಹುದು. ಅದು ಕೊನೆಯ ಲೇಯರ್‌ವರೆಗೆ ಕಾಯುವುದಿಲ್ಲ, ಅಂಚು ಜೋಡಿಸುವಾಗಲೇ ಕಾಣಿಸುತ್ತದೆ. ಆರರಲ್ಲಿ ಮತ್ತೆ ಎರಡೂ ಬರುತ್ತವೆ.

ಮೊದಲು ಹೇಳಿದ ಮೂರು ಕಟ್ಟುಪಾಡುಗಳಲ್ಲಿ ಮೂಲೆಯದ್ದು ಮಾತ್ರ ನಾಲ್ಕರಲ್ಲೂ ಉಳಿದಿದೆ ಅಂದೆನಲ್ಲ. ಎಲ್ಲ ಸರಿಯಿದ್ದು ಒಂದೇ ಮೂಲೆ ತಿರುಗಿ ನಿಂತಿದ್ದರೆ ಅದಕ್ಕೆ ಅಲ್ಗಾರಿದಮ್ ಹುಡುಕಬೇಡಿ, ಅದು ಪ್ಯಾರಿಟಿ ಅಲ್ಲ. ಜೋರಾಗಿ ತಿರುಗಿಸುವಾಗ ಆ ಮೂಲೆ ತನ್ನ ಜಾಗದಲ್ಲೇ ತಿರುಚಿಕೊಂಡಿದೆ. ಅದನ್ನು ಬೆರಳಿನಿಂದಲೇ ಹಿಡಿದು ವಾಪಸ್ ತಿರುಗಿಸಬೇಕು.